‘ನೋಡುತ್ತಿದ್ದೇವೆ’ ಎಂದವರು ಯಾರು?

ಬೆಂಗಳೂರಿನ ಯಾವುದೇ ಮಧ್ಯಮ ಗಾತ್ರದ ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಭಾನುವಾರ ಸಂಜೆ ಇಂಥದೊಂದು ಸಂದೇಶ ಬರುತ್ತದೆ. ಇದನ್ನು ಉದಾಹರಣೆಗಾಗಿ ನಾನೇ ಹೆಣೆದಿದ್ದೇನೆ, ಮುಂದೆ ಬರುವ ಹೆಸರುಗಳೂ ಕಲ್ಪಿತ. ಆದರೆ ನಿವಾಸಿಗಳ ಸಂಘದಲ್ಲಿ ಒಂದು ವರ್ಷ ಕೆಲಸ ಮಾಡಿದ ಯಾರಿಗೂ ಇದರ ಒಂದು ವಾಕ್ಯವೂ ಹೊಸದೆನಿಸದು.

“ಎಲ್ಲರಿಗೂ ನಮಸ್ಕಾರ. ಬಿ ಬ್ಲಾಕ್ ಲಿಫ್ಟ್ ಮತ್ತೆ ನಿಂತಿತ್ತು, ಕಂಪನಿಯವರು ಬಂದು ನೋಡಿ ಹೋಗಿದ್ದಾರೆ, ಬಾಗಿಲಿನ ಸೆನ್ಸರ್ ಬದಲಿಸಬೇಕಂತೆ, ಎಎಂಸಿಯಲ್ಲಿ ಬರುತ್ತದೋ ಇಲ್ಲವೋ ಕೇಳಲಾಗಿದೆ, ಸದ್ಯಕ್ಕೆ ಓಡುತ್ತಿದೆ. ಎಸ್‌ಟಿಪಿಯ ಒಂದು ಬ್ಲೋವರ್ ರಿಪೇರಿಗೆ ಹೋಗಿದೆ, ಇನ್ನೊಂದರಲ್ಲಿ ನಡೆಸುತ್ತಿದ್ದೇವೆ, ವಾಸನೆ ಬಂದರೆ ದಯವಿಟ್ಟು ಸಹಕರಿಸಿ. ಸಂಪ್ ತೊಳೆಸುವುದು ಕಳೆದ ತಿಂಗಳೇ ಆಗಬೇಕಿತ್ತು, ಕೊಟೇಶನ್ ಬಂದಿದೆ, ಸಮಿತಿಯಲ್ಲಿ ಚರ್ಚಿಸಿ ತೀರ್ಮಾನಿಸಲಾಗುವುದು, ಆ ದಿನ ನೀರು ಇರುವುದಿಲ್ಲ, ಹಿಡಿದಿಟ್ಟುಕೊಳ್ಳಿ. ಮೇಂಟೆನೆನ್ಸ್ ಬಾಕಿ ಇರುವವರು ಬೇಗ ಕಟ್ಟಿ, ಖಜಾಂಚಿಯವರು ಈಗಾಗಲೇ ನೆನಪಿಸಿದ್ದಾರೆ. ಜನರೇಟರ್‌ಗೆ ಡೀಸೆಲ್ ತುಂಬಿಸಿದೆ. ಸೆಕ್ಯುರಿಟಿ ಏಜೆನ್ಸಿಯ ಒಪ್ಪಂದ ಈ ತಿಂಗಳ ಕೊನೆಗೆ ಮುಗಿಯುತ್ತದೆ, ಬೇರೆಯವರನ್ನು ನೋಡುತ್ತಿದ್ದೇವೆ, ಯಾರಿಗಾದರೂ ಗೊತ್ತಿದ್ದರೆ ತಿಳಿಸಿ. ಸಿ ಬ್ಲಾಕ್ ಟೆರೇಸ್ ಸೋರಿಕೆಗೆ ವಾಟರ್‌ಪ್ರೂಫಿಂಗ್‌ನವರು ಮಳೆ ನಿಂತ ಮೇಲೆ ಮಾಡೋಣ ಎಂದಿದ್ದಾರೆ. ಸಹಕಾರಕ್ಕೆ ಧನ್ಯವಾದಗಳು.”

ಇದನ್ನು ಬರೆದ ಕಾರ್ಯದರ್ಶಿ ಪ್ರಾಮಾಣಿಕರು. ವಾರವಿಡೀ ಓಡಾಡಿದ್ದಾರೆ, ಏನನ್ನೂ ಮುಚ್ಚಿಟ್ಟಿಲ್ಲ. ಆದರೂ ಸಂದೇಶ ಬಂದ ಹತ್ತೇ ನಿಮಿಷದಲ್ಲಿ ಯಾರೋ ಒಬ್ಬರು “ಲಿಫ್ಟ್ ಕಥೆ ಏನಾಯ್ತು?” ಎಂದು ಕೇಳುತ್ತಾರೆ. ಇನ್ನೊಬ್ಬರು “ನೀರು ಯಾವತ್ತು ಬರಲ್ಲ?” ಎನ್ನುತ್ತಾರೆ. ಜನ ಓದುವುದಿಲ್ಲ ಎಂದು ಕಾರ್ಯದರ್ಶಿಗೆ ಬೇಸರವಾಗುತ್ತದೆ. ಎರಡನೆಯ ಪ್ರಶ್ನೆಗಂತೂ ಸಂದೇಶದಲ್ಲಿ ಉತ್ತರವೇ ಇಲ್ಲ. ಎರಡು ಸಲ ಓದಿದರೂ ಅದು ಸಿಗದು.

ಇಂಥ ಸಂದೇಶವನ್ನು ಕಣ್ಣಾಡಿಸಿದರೆ ಸಾಕು ಎನ್ನುವಂಥ ಸಾರಾಂಶವಾಗಿ ಮಾಡುವುದೆಂದರೆ ಚಿಕ್ಕದು ಮಾಡುವುದು ಎಂದು ನಾವು ತಿಳಿಯುತ್ತೇವೆ. ನನ್ನ ಅನುಭವದಲ್ಲಿ ಚಿಕ್ಕದಾಗಿಸುವುದು ಈ ಕೆಲಸದ ಸಣ್ಣ ಭಾಗ. ಒಂದೊಂದು ವಿಷಯಕ್ಕೂ ‘ಮುಂದಿನ ಹೆಜ್ಜೆ ಯಾರದು, ಯಾವಾಗ’ ಎಂದು ಕೇಳಿ, ಉತ್ತರ ಇಲ್ಲದ ಕಡೆ ಅದನ್ನು ಹುಡುಕಿ ತರುವುದೇ ದೊಡ್ಡ ಭಾಗ. ಪ್ಯಾರಾ ರೂಪದಲ್ಲಿದ್ದಾಗ ಈ ಖಾಲಿ ಜಾಗಗಳು ಬರೆದವರ ಕಣ್ಣಿಗೂ ಬೀಳುವುದಿಲ್ಲ, ಏಕೆಂದರೆ ಒಂದು ವಾಕ್ಯ ಇನ್ನೊಂದಕ್ಕೆ ಒರಗಿಕೊಂಡು ನಿಂತಿರುತ್ತದೆ. ಸಾಲು ಸಾಲಾಗಿ ಬಿಡಿಸಿದಾಗ ಖಾಲಿ ಜಾಗ ಖಾಲಿಯಾಗಿಯೇ ಕಾಣುತ್ತದೆ.

ಮೊದಲು ವಿಷಯಗಳನ್ನು ಬೇರ್ಪಡಿಸೋಣ. ಲಿಫ್ಟ್, ಎಸ್‌ಟಿಪಿ, ಸಂಪ್, ಬಾಕಿ ಹಣ, ಡೀಸೆಲ್, ಸೆಕ್ಯುರಿಟಿ, ಟೆರೇಸ್ – ಒಟ್ಟು ಏಳು. ಇವುಗಳಲ್ಲಿ ಡೀಸೆಲ್ ತುಂಬಿಸಿದ್ದು ಮುಗಿದ ಕೆಲಸ, ಯಾರೂ ಏನೂ ಮಾಡಬೇಕಾಗಿಲ್ಲ. ಅದನ್ನು ಬಿಡಬಹುದು. ಉಳಿದ ಆರನ್ನು ಒಂದೊಂದಾಗಿ ಎತ್ತಿಕೊಂಡು, ಪ್ರತಿ ಕ್ರಿಯಾಪದದ ಕೆಳಗೆ ಗೆರೆ ಎಳೆದು, ಅದರ ಕರ್ತೃ ಯಾರೆಂದು ಕೇಳಬೇಕು.

ಇಲ್ಲಿ ನಮ್ಮ ಭಾಷೆಯ ಒಂದು ಸೌಕರ್ಯವೇ ತೊಡಕಾಗುತ್ತದೆ. ಕನ್ನಡದಲ್ಲಿ ಕರ್ತೃಪದವಿಲ್ಲದೆ ಸಲೀಸಾಗಿ ವಾಕ್ಯ ಮುಗಿಸಬಹುದು. ‘ಕೇಳಲಾಗಿದೆ’, ‘ತೀರ್ಮಾನಿಸಲಾಗುವುದು’ ಎಂದಾಗ ಮಾಡಿದವರೂ ಇಲ್ಲ, ಮಾಡುವವರೂ ಇಲ್ಲ. ‘ನೋಡುತ್ತಿದ್ದೇವೆ’ ಎಂಬುದರಲ್ಲಿ ‘ನಾವು’ ಇದೆ, ಆದರೆ ಆ ನಾವು ಐದು ಜನರ ಸಮಿತಿಯೋ, ಕಾರ್ಯದರ್ಶಿಯೊಬ್ಬರೋ ತಿಳಿಯದು. ‘ಹೇಳಿದ್ದಾರೆ’ ಎಂಬ ಬಹುವಚನ ಗೌರವಕ್ಕೋ, ಗುಂಪಿಗೋ ಎಂಬುದು ಹೇಳಿದವರಿಗಷ್ಟೇ ಗೊತ್ತು. ಮಾತಿನಲ್ಲಿ ಇದು ತೊಂದರೆ ಕೊಡುವುದಿಲ್ಲ, ಎದುರಿಗಿದ್ದವರು ತಕ್ಷಣ “ಯಾರು?” ಎಂದು ಕೇಳುತ್ತಾರೆ. ಬರವಣಿಗೆಯಲ್ಲಿ ಕೇಳುವವರು ಇರುವುದಿಲ್ಲ. ಆದ್ದರಿಂದ ‘-ಲಾಗಿದೆ’, ‘-ಲಾಗುವುದು’ ಎಂದು ಮುಗಿಯುವ ಪ್ರತಿ ವಾಕ್ಯವನ್ನೂ ಸಾರಾಂಶ ಮಾಡುವವರು ಅನುಮಾನದಿಂದಲೇ ನೋಡಬೇಕು. ಹೊಣೆಗಾರರಿಲ್ಲದ ಕೆಲಸಗಳು ಹೆಚ್ಚಾಗಿ ಸಿಗುವುದು ಅಲ್ಲಿಯೇ.

ಸೆಕ್ಯುರಿಟಿಯ ಸಾಲನ್ನು ನೋಡಿ. ಒಪ್ಪಂದ ತಿಂಗಳ ಕೊನೆಗೆ ಮುಗಿಯುತ್ತದೆ. ಹೊಸ ಏಜೆನ್ಸಿಯಿಂದ ಕೊಟೇಶನ್ ತರಿಸಬೇಕು, ಕಾವಲುಗಾರರ ದಾಖಲೆ ನೋಡಬೇಕು, ಹಳೆಯವರಿಗೆ ನೋಟಿಸ್ ಕೊಡಬೇಕು. ಒಪ್ಪಂದದಲ್ಲಿ ಒಂದು ತಿಂಗಳ ನೋಟಿಸ್ ಅವಧಿ ಇದ್ದರೆ ಆ ಗಡುವು ಆಗಲೇ ದಾಟಿರಬಹುದು. ಏಳು ವಿಷಯಗಳಲ್ಲಿ ಅತಿ ತುರ್ತಿನದು ಇದೇ. ಆದರೆ ಅದು ಕೂತಿರುವುದು ಡೀಸೆಲ್ ಆದ ಮೇಲೆ, ಓದುವ ಕಣ್ಣು ಸೋತು ಜಾರುವ ಜಾಗದಲ್ಲಿ. ಅದರ ಕ್ರಿಯಾಪದ ‘ನೋಡುತ್ತಿದ್ದೇವೆ’. ಫೋನ್ ಎತ್ತಿಕೊಂಡು ವಿಚಾರಿಸಿದರೆ ಇಂಥ ಕಡೆ ಸಾಮಾನ್ಯವಾಗಿ ಸಿಗುವ ಉತ್ತರ ಹೀಗಿರುತ್ತದೆ: ಕಾರ್ಯದರ್ಶಿಯವರು ಮಂಜುಳಾ ಮೇಡಂ ವಿಚಾರಿಸುತ್ತಿದ್ದಾರೆ ಅಂದುಕೊಂಡಿದ್ದಾರೆ. ಮಂಜುಳಾ ಅವರು ಒಂದು ಏಜೆನ್ಸಿಯ ನಂಬರನ್ನು ಮ್ಯಾನೇಜರ್ ಶಿವಣ್ಣನವರಿಗೆ ಕೊಟ್ಟು ತಮ್ಮ ಕೆಲಸ ಮುಗಿಯಿತು ಎಂದುಕೊಂಡಿದ್ದಾರೆ. ಶಿವಣ್ಣನವರು ಸಮಿತಿ ಹೇಳಲಿ ಎಂದು ಕಾಯುತ್ತಿದ್ದಾರೆ.

ಇದರಲ್ಲಿ ಯಾರೂ ಸೋಮಾರಿಗಳಲ್ಲ. ಬಿಬ್ ಲಟಾನೆ ಮತ್ತು ಜಾನ್ ಡಾರ್ಲಿ ಎಂಬ ಇಬ್ಬರು ಅಮೆರಿಕನ್ ಮನಶ್ಶಾಸ್ತ್ರಜ್ಞರು 1968ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಈ ಬಗೆಯ ನಡವಳಿಕೆಯನ್ನು ಚೆನ್ನಾಗಿ ತೋರಿಸಿತು. ಬೇರೆ ಬೇರೆ ಕೋಣೆಗಳಲ್ಲಿ ಕೂತ ವಿದ್ಯಾರ್ಥಿಗಳು ಮೈಕಿನ ಮೂಲಕ ಮಾತಾಡುತ್ತಿರುವಾಗ ಅವರಲ್ಲೊಬ್ಬರಿಗೆ ಫಿಟ್ಸ್ ಬಂದಂತೆ ಕೇಳಿಸುತ್ತದೆ. ಇದನ್ನು ಕೇಳುತ್ತಿರುವವನು ತಾನೊಬ್ಬನೇ ಎಂದು ನಂಬಿದವರಲ್ಲಿ ಶೇಕಡಾ 85ರಷ್ಟು ಮಂದಿ ಆ ದನಿ ನಿಲ್ಲುವ ಮೊದಲೇ ಸಹಾಯಕ್ಕೆ ಎದ್ದರು. ತನ್ನಂತೆ ಇನ್ನೂ ನಾಲ್ವರು ಕೇಳುತ್ತಿದ್ದಾರೆ ಎಂದು ನಂಬಿದವರಲ್ಲಿ ಹಾಗೆ ಎದ್ದವರು ಶೇಕಡಾ 31 ಮಾತ್ರ. ಸುಮ್ಮನೆ ಕೂತವರು ಕಲ್ಲುಮನಸ್ಸಿನವರಾಗಿರಲಿಲ್ಲ, ಅವರಲ್ಲಿ ಅನೇಕರ ಕೈ ನಡುಗುತ್ತಿತ್ತು. ಕೇಳಿಸಿಕೊಂಡವರು ಹಲವರಿದ್ದಾರೆ ಎಂಬ ಅರಿವೇ ಹೊಣೆಯನ್ನು ಹಂಚಿ ತೆಳುವಾಗಿಸಿತ್ತು. ಅಪಾರ್ಟ್‌ಮೆಂಟಿನ ಗುಂಪು ಆ ಪ್ರಯೋಗದ ಕೋಣೆಯಲ್ಲ ನಿಜ. ಆದರೆ ನೂರಾರು ಜನರಿರುವ ಗುಂಪಿನಲ್ಲಿ “ಯಾರಿಗಾದರೂ ಗೊತ್ತಿದ್ದರೆ ತಿಳಿಸಿ” ಎಂದು ಬರೆದಾಗ ಉತ್ತರ ಬಾರದಿರಲು ಕಾರಣ ಹುಡುಕುವವರು ಅಲ್ಲಿಂದ ಆರಂಭಿಸಬಹುದು.

ಹಾಗಾದರೆ ಹೊಣೆಗಾರರೆಂದರೆ ಯಾರು? ಕೆಲಸವನ್ನು ಕೈಯಾರೆ ಮಾಡುವವರೇ ಆಗಬೇಕಿಲ್ಲ. ಸೆನ್ಸರ್ ಬದಲಿಸುವುದು ಲಿಫ್ಟ್ ಕಂಪನಿಯ ಟೆಕ್ನಿಷಿಯನ್. ಆದರೆ ‘ಹೊಣೆ: ಲಿಫ್ಟ್ ಕಂಪನಿ’ ಎಂದು ಬರೆದರೆ ಅದು ಬರೆಯದಿದ್ದಂತೆಯೇ, ಏಕೆಂದರೆ ಕಂಪನಿಯವರು ಈ ಗುಂಪಿನಲ್ಲೂ ಇಲ್ಲ, ಮುಂದಿನ ಭಾನುವಾರ ಉತ್ತರ ಕೊಡಬೇಕಾದವರೂ ಅಲ್ಲ. ಅವರಿಗೆ ಫೋನ್ ಮಾಡಿ, ಬಾರದಿದ್ದರೆ ಮತ್ತೆ ಮಾಡಿ, ಬಂದ ಉತ್ತರವನ್ನು ಇಲ್ಲಿಗೆ ತರುವ ಸದಸ್ಯರೊಬ್ಬರ ಹೆಸರು ಬೇಕು. ‘ಸಮಿತಿ’ ಎಂದು ಬರೆಯುವುದೂ ಸಲ್ಲದು. ತೀರ್ಮಾನ ಸಮಿತಿಯದಾಗಿರಬಹುದು, ಆದರೆ ವಿಷಯವನ್ನು ಸಮಿತಿಯ ಮುಂದಿಟ್ಟು ತೀರ್ಮಾನ ಮಾಡಿಸುವವರು ಒಬ್ಬರಿರಬೇಕು. ಎರಡು ಹೆಸರು ಹಾಕಿದರೆ ಭದ್ರ ಎಂದು ಅನ್ನಿಸುತ್ತದೆ. ಹಾಕಿ ನೋಡಿ, ಇಬ್ಬರೂ ಒಬ್ಬರಿಗೊಬ್ಬರು ದಾರಿ ಬಿಟ್ಟು ಕಾಯುತ್ತಾರೆ. ನೆರವಿಗೆ ಎಷ್ಟು ಜನ ಬೇಕಾದರೂ ಇರಲಿ, ಸಾಲಿನ ಕೊನೆಯಲ್ಲಿ ಒಂದೇ ಹೆಸರು ಇರಲಿ.

ಸರ್ಕಾರಿ ಕಚೇರಿಗಳಲ್ಲಿ ಈ ತಿಳಿವಳಿಕೆ ಹಳೆಯದು. ತಾಲ್ಲೂಕು, ಜಿಲ್ಲಾ ಮಟ್ಟದ ಕೆಡಿಪಿ ಸಭೆಗಳ ನಡಾವಳಿ ನೋಡಿದವರಿಗೆ ಗೊತ್ತು. ಚರ್ಚೆಯ ಪಕ್ಕದಲ್ಲಿ ಕ್ರಮ ಕೈಗೊಳ್ಳಬೇಕಾದ ಅಧಿಕಾರಿ ಯಾರು ಎಂಬುದು ಇರುತ್ತದೆ, ಮುಂದಿನ ಸಭೆಯಲ್ಲಿ ಅನುಪಾಲನಾ ವರದಿ ಮಂಡಿಸಬೇಕಾಗುತ್ತದೆ. ಆ ಪದ್ಧತಿ ಪ್ರತಿ ಕಡೆಯೂ ಚೆನ್ನಾಗಿ ನಡೆಯುತ್ತದೆ ಎಂದು ನಾನು ಹೇಳುತ್ತಿಲ್ಲ. ಆದರೆ ಅದರ ರಚನೆ ಸರಿಯಾಗಿದೆ: ಹಿಂದಿನ ಸಲ ಯಾರಿಗೆ ಏನು ಹೇಳಿತ್ತು ಎಂಬುದರಿಂದಲೇ ಈ ಸಲದ ಮಾತು ಶುರುವಾಗುತ್ತದೆ.

ಈಗ ನಮ್ಮ ಆರು ವಿಷಯಗಳಿಗೆ ಮರಳೋಣ. ಸಾರಾಂಶ ಮಾಡುವವರು ಇಲ್ಲಿ ಒಂದು ಆಸೆಯನ್ನು ಗೆಲ್ಲಬೇಕು – ಹೆಸರುಗಳನ್ನು ತಾವೇ ಊಹಿಸಿ ತುಂಬುವ ಆಸೆ. ಲಿಫ್ಟ್ ವಿಷಯ ಯಾವಾಗಲೂ ರಿಯಾಜ್ ಅವರೇ ನೋಡುವುದಲ್ಲವೇ, ಅವರ ಹೆಸರೇ ಹಾಕಿಬಿಡೋಣ ಎನ್ನಿಸುತ್ತದೆ. ಕೇಳದೆ ಹಾಕಿದ ಹೆಸರು ಎರಡು ರೀತಿ ಕೆಡಿಸುತ್ತದೆ. ಅವರು ಊರಲ್ಲಿಲ್ಲದಿದ್ದರೆ ಕೆಲಸ ನಿಲ್ಲುತ್ತದೆ, ಆದರೆ ಪಟ್ಟಿಯಲ್ಲಿ ಹೆಸರಿರುವುದರಿಂದ ನಿಂತದ್ದು ಗೊತ್ತಾಗುವುದಿಲ್ಲ. ಊರಲ್ಲೇ ಇದ್ದರೂ ತನ್ನ ಹೆಸರನ್ನು ಎಲ್ಲರೊಂದಿಗೆ ಗುಂಪಿನಲ್ಲೇ ಮೊದಲ ಬಾರಿಗೆ ನೋಡಿದ ಮನುಷ್ಯನಿಗೆ ಅದು ಒಪ್ಪಿಕೊಂಡ ಕೆಲಸ ಅನ್ನಿಸುವುದಿಲ್ಲ, ಹೇರಿದ್ದು ಅನ್ನಿಸುತ್ತದೆ. ಸಂಘದಲ್ಲಿ ದುಡಿಯುವವರು ಸಂಬಳಕ್ಕಿಲ್ಲ. ಆದ್ದರಿಂದ ಸಂದೇಶ ಹಾಕುವ ಮೊದಲು ಒಂದೊಂದು ಫೋನ್: “ರಿಯಾಜ್ ಸರ್, ಲಿಫ್ಟಿನ ಎಎಂಸಿ ವಿಷಯ ನಿಮ್ಮ ಹೆಸರಿಗೆ ಬರೆಯಲೇ? ಯಾವತ್ತಿಗೆ ಉತ್ತರ ಸಿಗಬಹುದು?” ತಾರೀಖನ್ನೂ ಅವರೇ ಹೇಳಲಿ. ಯಾರೂ ಒಪ್ಪದಿದ್ದರೆ ‘ಹೊಣೆ: ಯಾರೂ ಇಲ್ಲ, ಒಬ್ಬರು ಬೇಕು’ ಎಂದು ಹಾಗೆಯೇ ಬರೆಯಬೇಕು. ಅದು ಅವಮಾನವಲ್ಲ, ಅದೂ ಒಂದು ಮಾಹಿತಿ. ಆ ಸಾಲನ್ನು ನೋಡಿ ಮುಂದೆ ಬರುವವರೂ ಇರುತ್ತಾರೆ.

ಮೊಟಕುಗೊಳಿಸುವಾಗ ಯಾವುದನ್ನು ಬಿಡಬಾರದು ಎಂಬುದಕ್ಕೆ ಎಸ್‌ಟಿಪಿ ಒಳ್ಳೆಯ ಉದಾಹರಣೆ. ಕೊಳಚೆ ನೀರು ಶುದ್ಧೀಕರಿಸುವ ಘಟಕದಲ್ಲಿ ಕೊಳೆಯನ್ನು ತಿನ್ನುವ ಬ್ಯಾಕ್ಟೀರಿಯಾಗಳಿಗೆ ಸದಾ ಗಾಳಿ ಬೇಕು. ಬ್ಲೋವರ್ ಊದುವುದು ಅದಕ್ಕೇ. ಸಾಮಾನ್ಯವಾಗಿ ಎರಡು ಇರುತ್ತವೆ, ಒಂದು ಕೆಟ್ಟರೆ ಇನ್ನೊಂದು ಓಡಲಿ ಎಂದು. ಒಂದು ರಿಪೇರಿಗೆ ಹೋಗಿರುವಾಗ ಇರುವ ಒಂದೂ ನಿಂತರೆ ಗಾಳಿಯಿಲ್ಲದೆ ಬ್ಯಾಕ್ಟೀರಿಯಾಗಳು ಸೊರಗುತ್ತವೆ, ದುರ್ವಾಸನೆ ಏಳುತ್ತದೆ, ಬ್ಲೋವರ್ ವಾಪಸು ಬಂದ ಮೇಲೂ ನೀರು ಮೊದಲಿನಂತಾಗಲು ದಿನಗಳು ಬೇಕು. ‘ಎಸ್‌ಟಿಪಿ ರಿಪೇರಿ ನಡೆಯುತ್ತಿದೆ’ ಎಂದು ಮೊಟಕಾಗಿಸಿದರೆ ಸಾಲು ಚಿಕ್ಕದಾಯಿತು, ಆದರೆ ಮುಖ್ಯ ವಿಷಯ ಹೋಯಿತು. ‘ಒಂದೇ ಬ್ಲೋವರ್ ಮೇಲೆ ನಡೆಯುತ್ತಿದೆ’ ಎಂಬ ನಾಲ್ಕು ಮಾತು ಉಳಿಯಲೇಬೇಕು.

ಅದೇ ರೀತಿ ‘ಬದಲಿಸಬೇಕಂತೆ’ ಎಂಬುದರ ಕೊನೆಯ ‘ಅಂತೆ’. ಅದು ಕಂಪನಿಯವರ ಮಾತು, ಸಂಘ ಒಪ್ಪಿದ ಮಾತಲ್ಲ. ಸಾರಾಂಶದಲ್ಲಿ ಅದು ‘ಸೆನ್ಸರ್ ಬದಲಿಸಬೇಕು’ ಎಂದಾದರೆ, ವಾರ ಕಳೆಯುವುದರೊಳಗೆ ಖರ್ಚು ಮಂಜೂರಾಗಿದೆ ಎಂದೇ ಜನ ಭಾವಿಸುತ್ತಾರೆ. ಹೇಳಿದವರು ಯಾರು, ಅದು ಎಷ್ಟು ಖಚಿತ ಎಂಬುದನ್ನು ಸಾರಾಂಶವೂ ಹೊತ್ತು ಬರಬೇಕು.

ಟೆರೇಸ್ ವಿಷಯದಲ್ಲಿ ಮೋಸ ಮಾಡುವುದು ತಾರೀಖು. ‘ಮಳೆ ನಿಂತ ಮೇಲೆ’ ಎಂಬುದು ಒಂದು ದಿನದಂತೆ ಕೇಳಿಸುತ್ತದೆ. ಆದರೆ ಬೆಂಗಳೂರಿನಲ್ಲಿ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳೇ ಹೆಚ್ಚು ಮಳೆಯ ಕಾಲ, ಹಿಂಗಾರು ನವೆಂಬರ್‌ವರೆಗೂ ಎಳೆಯುತ್ತದೆ. ಜೂನ್‌ನಲ್ಲಿ ಈ ಮಾತು ಹೇಳಿದರೆ ಅದರ ಅರ್ಥ ಡಿಸೆಂಬರ್. ಮೇಲಂತಸ್ತಿನ ಮನೆಯವರು ಆರು ತಿಂಗಳು ಸೋರುವ ಮಾಳಿಗೆಯ ಕೆಳಗೆ ಇರಬೇಕಾಗುತ್ತದೆ. ಅರ್ಥವನ್ನು ಹೀಗೆ ಬಿಡಿಸಿದ ಕೂಡಲೇ ಹೊಸ ಕೆಲಸವೊಂದು ಕಾಣುತ್ತದೆ: ಅಲ್ಲಿಯವರೆಗೆ ಏನು? ಟಾರ್ಪಾಲು ಹೊದಿಸುವುದೋ, ಬಿರುಕಿಗೆ ತಾತ್ಕಾಲಿಕ ಕೋಟಿಂಗ್ ಹಾಕಿಸುವುದೋ ಯಾರಾದರೂ ನೋಡಬೇಕು. ಮೂಲ ಪ್ಯಾರಾದಲ್ಲಿ ಈ ಕೆಲಸ ಇರಲೇ ಇಲ್ಲ.

ಸಂಪ್ ತೊಳೆಸುವ ದಿನವೂ ಹೀಗೆಯೇ. “ಹಿಡಿದಿಟ್ಟುಕೊಳ್ಳಿ” ಎಂದವರು ಯಾವ ದಿನಕ್ಕೆಂದು ಹೇಳಿಲ್ಲ, ಏಕೆಂದರೆ ದಿನ ಇನ್ನೂ ಗೊತ್ತಾಗಿಲ್ಲ. ಕೊಟೇಶನ್ ಕೈಯಲ್ಲಿದೆ. ಸಮಿತಿಯವರಿಗೆ ಅದೇ ಸಂಜೆ ಫೋನ್ ಮಾಡಿದರೆ ಒಪ್ಪಿಗೆ ಸಿಗುತ್ತದೆ, ಶನಿವಾರ ಎಂದು ನಿಗದಿಯಾಗುತ್ತದೆ. ಇಷ್ಟು ಕೇಳಿ ತಿಳಿದ ಮೇಲೆ ಸಂದೇಶ ಹೀಗಾಗುತ್ತದೆ.

ಜೂನ್ 7, ಭಾನುವಾರ

ನೀವು ಮಾಡಬೇಕಾದ್ದು
– ಶನಿವಾರ 13ಕ್ಕೆ ಸಂಪ್ ತೊಳೆಸುತ್ತೇವೆ. ಬೆಳಿಗ್ಗೆ 9ರಿಂದ ಸಂಜೆ 4ರವರೆಗೆ ನೀರಿಲ್ಲ. ಶುಕ್ರವಾರ ರಾತ್ರಿಯೇ ಹಿಡಿದಿಟ್ಟುಕೊಳ್ಳಿ. (ಶಿವಣ್ಣ)
– ಮೇಂಟೆನೆನ್ಸ್ ಬಾಕಿಯನ್ನು 15ರೊಳಗೆ ಕಟ್ಟಿ. (ಪ್ರಭಾಕರ್)

ತೀರ್ಮಾನವಾಗಬೇಕಾದ್ದು
– ಸೆಕ್ಯುರಿಟಿ ಒಪ್ಪಂದ 30ಕ್ಕೆ ಮುಗಿಯುತ್ತದೆ. ನೋಟಿಸ್ ಅವಧಿ ಎಷ್ಟೆಂದು ನಾಳೆ ತಿಳಿಸುತ್ತೇವೆ. ಮೂರು ಕೊಟೇಶನ್ ಬುಧವಾರ 10ರೊಳಗೆ, ಸಮಿತಿಯ ತೀರ್ಮಾನ ಶುಕ್ರವಾರ 12. (ಮಂಜುಳಾ)

ನಡೆಯುತ್ತಿರುವುದು
– ಬಿ ಬ್ಲಾಕ್ ಲಿಫ್ಟ್ ಓಡುತ್ತಿದೆ. ಸೆನ್ಸರ್ ಬದಲಿಸಬೇಕು ಎಂದು ಕಂಪನಿ ಹೇಳಿದೆ. ಖರ್ಚು ಎಎಂಸಿಗೆ ಸೇರುತ್ತದೆಯೇ ಎಂಬುದಕ್ಕೆ ಉತ್ತರ ಮಂಗಳವಾರ 9. (ರಿಯಾಜ್)
– ಎಸ್‌ಟಿಪಿ ಒಂದೇ ಬ್ಲೋವರ್ ಮೇಲೆ ನಡೆಯುತ್ತಿದೆ. ಇನ್ನೊಂದು ಗುರುವಾರ 11ಕ್ಕೆ ಬರಬೇಕು. (ಶಿವಣ್ಣ)

ಮುಂದಕ್ಕೆ ಹಾಕಿದ್ದು
– ಸಿ ಬ್ಲಾಕ್ ಟೆರೇಸ್ ವಾಟರ್‌ಪ್ರೂಫಿಂಗ್ ಡಿಸೆಂಬರ್‌ನಲ್ಲಿ. ಅಲ್ಲಿಯವರೆಗಿನ ತಾತ್ಕಾಲಿಕ ವ್ಯವಸ್ಥೆ ಭಾನುವಾರ 14ರೊಳಗೆ. (ರಿಯಾಜ್)

ಉದ್ದದಲ್ಲಿ ಇದು ಹಳೆಯ ಸಂದೇಶಕ್ಕಿಂತ ಬಹಳ ಚಿಕ್ಕದೇನಲ್ಲ. ಬದಲಾದದ್ದು ಜೋಡಣೆ. ಓದುವವರ ಮೊದಲ ಪ್ರಶ್ನೆ ‘ನಾನು ಏನು ಮಾಡಬೇಕು’ ಎಂಬುದು, ಆದ್ದರಿಂದ ಅದು ಮೇಲಿದೆ. ಅಷ್ಟನ್ನೇ ಓದಿ ಫೋನ್ ಕೆಳಗಿಟ್ಟವರಿಗೂ ಶನಿವಾರ ನೀರಿಲ್ಲ ಎಂಬುದು ಗೊತ್ತಾಗಿರುತ್ತದೆ. ಪ್ರತಿ ಸಾಲಿನ ಆರಂಭದಲ್ಲಿ ವಿಷಯ ಅಥವಾ ದಿನ ಇದೆ, ಕೊನೆಯಲ್ಲಿ ಹೆಸರಿದೆ. ಹುಡುಕುವ ಕಣ್ಣಿಗೆ ಇದು ಎರಡು ಅಂಚುಗಳನ್ನು ಕೊಡುತ್ತದೆ. ಲಿಫ್ಟ್ ಬೇಕಾದವರು ಎಡದಂಚಿನಲ್ಲಿ ಇಳಿಯುತ್ತಾರೆ, ತಮ್ಮ ಪಾಲಿನ ಕೆಲಸ ನೋಡಬೇಕಾದ ರಿಯಾಜ್ ಸಾಲುಗಳ ಕೊನೆಯನ್ನು ನೋಡುತ್ತಾರೆ.

ಕಂಪ್ಯೂಟರಿನಲ್ಲಾದರೆ ಇದನ್ನು ಕೋಷ್ಟಕವಾಗಿಸಬಹುದು: ವಿಷಯ, ಸ್ಥಿತಿ, ಹೊಣೆ, ದಿನ. ಫೋನಿನ ಕಿರಿದಾದ ಪರದೆಯಲ್ಲಿ ಕೋಷ್ಟಕ ಮುರಿದು ಬೀಳುತ್ತದೆ, ಚಿತ್ರವಾಗಿ ಕಳಿಸಿದರೆ ವಯಸ್ಸಾದವರಿಗೆ ಓದಲಾಗದು, ಆಮೇಲೆ ಹುಡುಕಿದರೂ ಸಿಗದು. ವಾಟ್ಸ್‌ಆ್ಯಪ್‌ನಲ್ಲಿ ಶೀರ್ಷಿಕೆಯ ಎರಡೂ ತುದಿಗೆ * ಚಿಹ್ನೆ ಹಾಕಿದರೆ ಅಕ್ಷರ ದಪ್ಪವಾಗುತ್ತದೆ, ಅಷ್ಟು ಸಾಕು. ಶೀರ್ಷಿಕೆ ಬಿಟ್ಟು ಬೇರೇನನ್ನೂ ದಪ್ಪ ಮಾಡಬೇಡಿ. ಎಲ್ಲವೂ ದಪ್ಪವಾದರೆ ಯಾವುದೂ ಕಣ್ಣಿಗೆ ಬೀಳದು.

ಸಾರಾಂಶ ಸರಿಯಾಗಿದೆಯೇ ಎಂದು ನೋಡಲು ಸುಲಭ ದಾರಿಯಿದೆ. ಸಮಿತಿಗೆ ಸೇರದ ಒಬ್ಬರಿಗೆ ತೋರಿಸಿ, ಅರ್ಧ ನಿಮಿಷ ಬಿಟ್ಟು ಫೋನ್ ವಾಪಸು ತೆಗೆದುಕೊಳ್ಳಿ. ಈ ವಾರ ನೀವೇನು ಮಾಡಬೇಕು, ಲಿಫ್ಟ್ ಬಗ್ಗೆ ಯಾರನ್ನು ಕೇಳುತ್ತೀರಿ ಎಂದು ಕೇಳಿ. ತಡವರಿಸಿದರೆ ತಿದ್ದಬೇಕಾದ್ದು ಸಂದೇಶವನ್ನು.

ಎಲ್ಲವನ್ನೂ ಹೀಗೆ ಸಾಲುಗಳಾಗಿ ಕತ್ತರಿಸಬಾರದು ಎಂಬುದನ್ನೂ ಹೇಳಬೇಕು. ಏಜೆನ್ಸಿಯನ್ನು ಏಕೆ ಬದಲಿಸುತ್ತಿದ್ದೇವೆ ಎಂಬುದರ ಹಿಂದೆ ಕಾವಲುಗಾರರ ಸಂಬಳ ತಡವಾದದ್ದು, ರಾತ್ರಿ ಪಾಳಿಯಲ್ಲಿ ಜನ ಸಾಲದ್ದು ಹೀಗೆ ಹಲವು ಕಾರಣಗಳಿರಬಹುದು. ಒಂದರಿಂದ ಇನ್ನೊಂದು ಹೇಗೆ ಬೆಳೆಯಿತು ಎಂದು ವಿವರಿಸಲು ಪ್ಯಾರಾವೇ ಬೇಕು. ಎರಡು ಮನೆಗಳ ನಡುವಿನ ಜಗಳ, ಯಾರದೋ ಮನೆಯ ಸಾವು ಇಂಥವನ್ನು ಪಟ್ಟಿಯ ಸಾಲಿನಲ್ಲಿ ನೋಡಿದರೆ ಮನಸ್ಸಿಗೆ ನೋವಾಗುತ್ತದೆ. ಅವಕ್ಕೆ ಪ್ರತ್ಯೇಕ ಸಂದೇಶ ಬರೆಯುವುದು ಸರಿ. ಹಿನ್ನೆಲೆ ಬೇಕಾದವರಿಗಾಗಿ ಉದ್ದನೆಯ ವಿವರವನ್ನು ಸಾರಾಂಶದ ಕೆಳಗೇ ಇಡಬಹುದು.

ಇನ್ನು ಮುಂದಿನ ಭಾನುವಾರ. ಹೊಸ ಸಂದೇಶವನ್ನು ಖಾಲಿ ಪರದೆಯಿಂದ ಶುರುಮಾಡದೆ ಹಳೆಯದನ್ನೇ ನಕಲಿಸಿ ತಿದ್ದಬೇಕು. ಸಂಪ್ ತೊಳೆದಾಯಿತು, ಆ ಸಾಲಿಗೆ ‘ಮುಗಿಯಿತು’ ಎಂದು ಹಾಕಿ ಒಂದು ವಾರ ಇಟ್ಟು ಆಮೇಲೆ ತೆಗೆಯಬಹುದು. ಬ್ಲೋವರ್ ಬಂದಿಲ್ಲ ಎಂದಿಟ್ಟುಕೊಳ್ಳಿ. 11ನ್ನು ಅಳಿಸಿ 17 ಎಂದು ಬರೆಯುವುದು ಸುಲಭ, ಆದರೆ ಹಾಗೆ ಮಾಡಿದರೆ ಪಟ್ಟಿಯನ್ನು ಎಷ್ಟು ವಾರ ಓದಿದರೂ ಎಲ್ಲವೂ ಸಮಯಕ್ಕೆ ನಡೆಯುತ್ತಿರುವಂತೆಯೇ ಕಾಣುತ್ತದೆ. ‘11ಕ್ಕೆ ಬರಬೇಕಿತ್ತು, ಬಂದಿಲ್ಲ, ಹೊಸ ದಿನ 17’ ಎಂದು ಹಳೆಯ ದಿನವನ್ನೂ ಉಳಿಸಬೇಕು. ಶಿವಣ್ಣನವರನ್ನು ಕಟಕಟೆಗೆ ನಿಲ್ಲಿಸಲು ಅಲ್ಲ. ರಿಪೇರಿಯವರು ಬಿಡಿಭಾಗ ಸಿಗದೆ ಒದ್ದಾಡುತ್ತಿದ್ದರೆ ಅದು ಸಮಿತಿಗೆ ಗೊತ್ತಾಗಬೇಕು. ದಿನ ಎರಡನೆಯ ಸಲ ತಪ್ಪಿದರೆ ಪ್ರಶ್ನೆಯೇ ಬದಲಾಗುತ್ತದೆ. ಆಗ ಆ ಸಾಲು ‘ನಡೆಯುತ್ತಿರುವುದು’ ಎಂಬಲ್ಲಿಂದ ‘ತೀರ್ಮಾನವಾಗಬೇಕಾದ್ದು’ ಎಂಬಲ್ಲಿಗೆ ಹೋಗಬೇಕು: ಇನ್ನೂ ಕಾಯುವುದೋ, ಬೇರೆ ವರ್ಕ್‌ಶಾಪಿಗೆ ಕೊಡುವುದೋ, ಹೊಸ ಬ್ಲೋವರನ್ನೇ ಕೊಳ್ಳುವುದೋ? ಹಣದ ಮಾತು ಬಂದದ್ದರಿಂದ ಅದು ಮ್ಯಾನೇಜರ್ ಕೈಮೀರಿದ ವಿಷಯ. ಸಾಲಿನ ಕೊನೆಯ ಹೆಸರೂ ಬದಲಾಗಿ, ಖಜಾಂಚಿ ಪ್ರಭಾಕರ್ ಅವರನ್ನು ಕೇಳಿ, ಅವರದನ್ನು ಬರೆಯಬೇಕಾಗುತ್ತದೆ.